ಐದು ಕಿಲೋಮೀಟರ್ ಓಡಾಟಕ್ಕೆ ಯಾವ ಇಂಧನ?

ಕಾರು ಕೊಳ್ಳಲು ಶೋರೂಮಿಗೆ ಹೋದವರನ್ನು ಮಾರಾಟದ ಹುಡುಗರು ಕೇಳುವ ಮೊದಲ ಪ್ರಶ್ನೆ ಬಹುತೇಕ ಒಂದೇ: 'ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಾ ಸಾರ್?' ಐವತ್ತರ ಮೇಲೆ ಎಂದರೆ ಡೀಸೆಲ್ ಅಥವಾ ಸಿಎನ್‌ಜಿ, ಕೆಳಗೆ ಎಂದರೆ ಪೆಟ್ರೋಲ್. ಲೆಕ್ಕ ಅಲ್ಲಿಗೆ ಮುಗಿಯಿತು. ಆದರೆ ಇನ್ನೊಂದು ಪ್ರಶ್ನೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಆ ಕಿಲೋಮೀಟರುಗಳನ್ನು ಒಂದೇ ಉಸಿರಿಗೆ ಓಡಿಸುತ್ತೀರೋ, ತುಂಡು ತುಂಡಾಗಿ ಓಡಿಸುತ್ತೀರೋ? ಹದಿನಾರು ಕಿ.ಮೀ. ಒಂದೇ ಸಲ ಓಡಿದ ಎಂಜಿನ್ ಮತ್ತು ಐದು ಕಂತಿನಲ್ಲಿ ಅಷ್ಟೇ ದೂರ ಓಡಿದ ಎಂಜಿನ್ ಓಡೋಮೀಟರಿನಲ್ಲಿ ಸಮಾನವಾಗಿ ಕಂಡರೂ, ಬಾನೆಟ್ಟಿನ ಒಳಗೆ ಅವೆರಡರ ಪಾಡು ಬೇರೆ ಬೇರೆ.

ಬಸವೇಶ್ವರನಗರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡಲು ಎರಡು ಕಿ.ಮೀ., ಅಲ್ಲಿಂದ ಮಲ್ಲೇಶ್ವರದ ಬ್ಯಾಂಕಿಗೆ ಐದು, ಸಂಜೆ ವಾಪಸ್ ಆರು, ಆಮೇಲೆ ತರಕಾರಿಗೋ ಔಷಧಿಗೋ ಇನ್ನೊಂದು ಸುತ್ತು. ಒಟ್ಟು ದಿನಕ್ಕೆ ಹದಿನಾರು ಕಿ.ಮೀ. ಆಸುಪಾಸು, ವರ್ಷಕ್ಕೆ ಸುಮಾರು 6,000. ಎಂಜಿನ್ ದಿನಕ್ಕೆ ನಾಲ್ಕೈದು ಸಲ ಚಾಲೂ ಆಗುತ್ತದೆ, ಒಂದು ಸಲವೂ ಏಳೆಂಟು ಕಿ.ಮೀ. ದಾಟುವುದಿಲ್ಲ. ವೇಗದ ಮಾತಂತೂ ಕೇಳುವುದೇ ಬೇಡ. ಟಾಮ್‌ಟಾಮ್ ಸಂಸ್ಥೆ 2022ರ ಅಂಕಿಅಂಶದಲ್ಲಿ ಬೆಂಗಳೂರಿನ ನಗರಕೇಂದ್ರದಲ್ಲಿ ಹತ್ತು ಕಿ.ಮೀ. ಸಾಗಲು ಸರಾಸರಿ 29 ನಿಮಿಷ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ, ಲಂಡನ್ ನಂತರದ ಸ್ಥಾನವನ್ನು ಈ ಊರಿಗೆ ಕೊಟ್ಟಿತ್ತು. ಅಂದರೆ ಗಂಟೆಗೆ ಇಪ್ಪತ್ತು ಕಿ.ಮೀ. ನವರಂಗ್ ಸಿಗ್ನಲ್ಲಿನಲ್ಲಿ ನಿಂತವರಿಗೆ ಅಷ್ಟೂ ಹೆಚ್ಚೆಂದು ಅನಿಸಬಹುದು.

ಈ ಮನೆಗೆ ಯಾವ ಇಂಧನದ ಕಾರು ಹೊಂದುತ್ತದೆ?

ಮನೆಯ ಹಿರಿಯರನ್ನು ಕೇಳಿದರೆ ಹೆಚ್ಚಾಗಿ ಬರುವ ಉತ್ತರ ಡೀಸೆಲ್. ಅವರ ಅನುಭವ ಸುಳ್ಳಲ್ಲ, ಅದು ಬೇರೆ ಕಾಲದ್ದು ಅಷ್ಟೆ. ಪೆಟ್ರೋಲ್ ಬೆಲೆಯ ಮೇಲಿನ ಸರ್ಕಾರಿ ಹಿಡಿತ 2010ರಲ್ಲಿ ಸಡಿಲವಾಯಿತು. ಡೀಸೆಲ್ ಮೇಲಿನ ಹಿಡಿತ 2014ರ ಅಕ್ಟೋಬರ್‌ವರೆಗೂ ಉಳಿಯಿತು. ನಡುವಿನ ಆ ನಾಲ್ಕು ವರ್ಷ ಡೀಸೆಲ್ ಕಾರುಗಳ ಸುಗ್ಗಿಕಾಲ. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿದ್ದಾಗ ಡೀಸೆಲ್ 41ರ ಹತ್ತಿರವಿತ್ತು. ಲೀಟರಿಗೆ ಮೂವತ್ತು ರೂಪಾಯಿ ವ್ಯತ್ಯಾಸ, ಮೇಲೆ ಹೆಚ್ಚು ಮೈಲೇಜ್. ಫಿಯಟ್ ಮೂಲದ 1.3 ಲೀಟರ್ ಮಲ್ಟಿಜೆಟ್ ಎಂಜಿನ್ ಸ್ವಿಫ್ಟ್, ಡಿಜೈರ್, ವಿಸ್ಟಾ, ಪುಂಟೊ ಎಂದು ಕಂಪನಿ ಕಂಪನಿಗಳ ಗಡಿ ದಾಟಿ ಎಷ್ಟು ಕಾರುಗಳಲ್ಲಿ ಕೂತಿತೆಂದರೆ, ವಾಹನಪ್ರಿಯರು ಅದನ್ನು ದೇಶದ ಎಂಜಿನ್ ಎಂದೇ ಕರೆದರು.

ಈಗ ಆ ಅಂತರ ಕರಗಿದೆ. ಬೆಂಗಳೂರಿನಲ್ಲಿ 2025ರ ಮಧ್ಯದಲ್ಲಿ ಪೆಟ್ರೋಲ್ 103 ರೂಪಾಯಿ ಆಸುಪಾಸಿನಲ್ಲಿದ್ದರೆ ಡೀಸೆಲ್ 91ರ ಹತ್ತಿರವಿತ್ತು. ವ್ಯತ್ಯಾಸ ಹನ್ನೆರಡು ರೂಪಾಯಿ. ಅದಕ್ಕಿಂತ ದೊಡ್ಡ ಬದಲಾವಣೆ ಬಂದದ್ದು 2020ರ ಏಪ್ರಿಲ್ 1ರಂದು. ದೇಶ ಬಿಎಸ್-4ರಿಂದ ಐದನ್ನು ಹಾರಿ ನೇರ ಬಿಎಸ್-6 ಮಾಲಿನ್ಯ ನಿಯಮಕ್ಕೆ ಜಿಗಿಯಿತು. ಮಾರುತಿ ಸುಜುಕಿ ಅದೇ ಹೊತ್ತಿಗೆ ಡೀಸೆಲ್ ಕಾರು ತಯಾರಿಕೆಯನ್ನೇ ಕೈಬಿಟ್ಟಿತು. ಫೋಕ್ಸ್‌ವ್ಯಾಗನ್, ಸ್ಕೋಡಾ ಸಹ ಬಿಟ್ಟವು, ಹೋಂಡಾ 2023ರಲ್ಲಿ ಬಿಟ್ಟಿತು. ಸಣ್ಣ ಕಾರಿನ ಡೀಸೆಲ್ ಎಂಜಿನ್ನಿಗೆ ಹೊಸ ನಿಯಮಕ್ಕೆ ಬೇಕಾದ ಸರಂಜಾಮು ಜೋಡಿಸಿದರೆ ಬೆಲೆ ಎಟುಕುವುದಿಲ್ಲ ಎಂಬುದು ಅವುಗಳ ಲೆಕ್ಕ. ಆ ಸರಂಜಾಮಿನಲ್ಲಿ ಒಂದು, ಬಸವೇಶ್ವರನಗರದ ಮನೆಯವರು ಅಗತ್ಯವಾಗಿ ತಿಳಿದಿರಬೇಕಾದ ಡಿಪಿಎಫ್.

ಡೀಸೆಲ್ ಪರ್ಟಿಕ್ಯುಲೇಟ್ ಫಿಲ್ಟರ್ ಎಂಬುದು ಹೊಗೆಯ ಹಾದಿಯಲ್ಲಿ ಕೂತಿರುವ ಪಿಂಗಾಣಿಯಂಥ ವಸ್ತುವಿನ ಗಟ್ಟಿ. ಅದರ ಉದ್ದಕ್ಕೂ ನೂರಾರು ಸಣ್ಣ ಕೊಳವೆಗಳು. ಒಂದು ಕೊಳವೆಯ ಈ ತುದಿ ಮುಚ್ಚಿದ್ದರೆ ಪಕ್ಕದ್ದರ ಆ ತುದಿ ಮುಚ್ಚಿರುತ್ತದೆ. ಹಾಗಾಗಿ ಒಳಗೆ ಹೊಕ್ಕ ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳಿಂದಲೇ ಪಕ್ಕದ ಕೊಳವೆಗೆ ತೂರಿ ಹೊರಬರಬೇಕು. ಹೊಗೆ ತೂರುತ್ತದೆ, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ಹಳೆಯ ಡೀಸೆಲ್ ಗಾಡಿಗಳ ಸೈಲೆನ್ಸರ್ ಬಾಯಿ ಕಪ್ಪಾಗಿದ್ದು, ಹೊಸವುಗಳಲ್ಲಿ ಬೆರಳಿಟ್ಟರೂ ಮಸಿ ಹತ್ತದಿರುವುದು ಇದರಿಂದಲೇ. ಆದರೆ ಸೋಸಿದ ಮಸಿ ಎಲ್ಲಿಗೂ ಹೋಗುವುದಿಲ್ಲ. ಅದು ತುಂಬುತ್ತಾ ಹೋಗುತ್ತದೆ, ಆಗಾಗ ಅದನ್ನು ಅಲ್ಲೇ ಸುಟ್ಟು ಖಾಲಿ ಮಾಡಬೇಕು. ಇದಕ್ಕೆ ರೀಜನರೇಷನ್ ಎನ್ನುತ್ತಾರೆ, ಗ್ಯಾರೇಜಿನ ಬಾಯಲ್ಲಿ 'ರೀಜೆನ್'.

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಗಾಡಿಯ ಹೊಗೆಯೇ ಸಾಕಷ್ಟು ಬಿಸಿಯಾಗಿರುವುದರಿಂದ ಮಸಿ ತಾನಾಗಿ ಸ್ವಲ್ಪ ಸ್ವಲ್ಪ ಕರಗುತ್ತಿರುತ್ತದೆ. ಊರೊಳಗೆ ಗಂಟೆಗೆ ಇಪ್ಪತ್ತು ಕಿ.ಮೀ.ನಲ್ಲಿ ತೆವಳುವ ಗಾಡಿಗೆ ಆ ಶಾಖ ಸಿಗುವುದಿಲ್ಲ. ಆಗ ಎಂಜಿನ್ನಿನ ಕಂಪ್ಯೂಟರ್ ಬೇರೆ ದಾರಿ ಹಿಡಿಯುತ್ತದೆ. ಫಿಲ್ಟರಿನ ಆಚೆ ಈಚೆಗಿನ ಒತ್ತಡದ ವ್ಯತ್ಯಾಸ ನೋಡಿ ಮಸಿ ಮಿತಿಮೀರಿದೆ ಎಂದು ಕಂಡರೆ, ಪಿಸ್ಟನ್ ಕೆಲಸ ಮುಗಿಸಿ ಕೆಳಗಿಳಿಯುತ್ತಿರುವ ಹೊತ್ತಿನಲ್ಲಿ ಇನ್ನೊಂದಿಷ್ಟು ಡೀಸೆಲ್ಲನ್ನು ಚಿಮ್ಮಿಸುತ್ತದೆ. ಅದು ಸಿಲಿಂಡರಿನಲ್ಲಿ ಉರಿಯದೆ ಹೊಗೆಯ ಜೊತೆ ಹೊರಟು, ಫಿಲ್ಟರಿನ ಮುಂದಿರುವ ವೇಗವರ್ಧಕದಲ್ಲಿ ಉರಿದು ಶಾಖವನ್ನು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿಸುತ್ತದೆ. ಮಸಿ ಸುಟ್ಟು ಹೋಗಲು ಹತ್ತರಿಂದ ಇಪ್ಪತ್ತು ನಿಮಿಷ ಬೇಕು. ನಗರದ ಓಡಾಟದಲ್ಲಿ ಕೆಲವು ನೂರು ಕಿ.ಮೀ.ಗೊಮ್ಮೆ ಇದು ನಡೆಯಲೇಬೇಕು.

ತೊಡಕಿರುವುದು ಇಲ್ಲಿಯೇ. ಬ್ಯಾಂಕಿನಿಂದ ಮನೆಗೆ ಆರು ಕಿ.ಮೀ. ದಾರಿಯಲ್ಲಿ ಮೊದಲ ಎಂಟು ಹತ್ತು ನಿಮಿಷ ಎಂಜಿನ್ ಬಿಸಿಯಾಗುವುದಕ್ಕೇ ಹೋಗುತ್ತದೆ. ಆಮೇಲೆ ರೀಜೆನ್ ಶುರುವಾಗಿ ಅರ್ಧಕ್ಕೆ ಬರುವಷ್ಟರಲ್ಲಿ ಮನೆಯ ಗೇಟು. ಕೀಲಿ ತಿರುಗಿಸಿದ ಕೂಡಲೇ ಸುಡುವ ಕೆಲಸ ನಿಲ್ಲುತ್ತದೆ. ಮರುದಿನ ಮತ್ತೆ ಮೊದಲಿನಿಂದ ಶುರು. ಹೀಗೆ ಅರ್ಧಕ್ಕೆ ನಿಂತ ಪ್ರತಿ ಸಲವೂ ಚಿಮ್ಮಿಸಿದ ಡೀಸೆಲ್ಲಿನ ಒಂದಂಶ ಸಿಲಿಂಡರಿನ ಗೋಡೆಗೆ ತಾಗಿ, ಪಿಸ್ಟನ್ ರಿಂಗುಗಳ ಸಂದಿನಿಂದ ಜಾರಿ ಎಂಜಿನ್ ಆಯಿಲ್ ಸೇರುತ್ತದೆ.

ಕಾರಿನ ಎಂಜಿನ್ ಆಯಿಲ್ ಕಾಲಕ್ರಮೇಣ ಕಡಿಮೆಯಾಗುವುದು ಎಲ್ಲರಿಗೂ ಗೊತ್ತು. ಹೆಚ್ಚಾದರೆ? ಬಿಎಸ್-6 ಡೀಸೆಲ್ ಗಾಡಿಯ ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಮೇಲಿನ ಗುರುತನ್ನು ದಾಟಿದ್ದರೆ, ಮೂಸಿದರೆ ಡೀಸೆಲ್ ವಾಸನೆ ಹೊಡೆದರೆ, ರೀಜೆನ್‌ಗಳು ಪೂರ್ತಿಯಾಗುತ್ತಿಲ್ಲ ಎಂದು ತಿಳಿಯಬೇಕು. ಅಂಥ ಆಯಿಲ್ ತೆಳುವಾಗಿ ಬೇರಿಂಗುಗಳನ್ನು ಕಾಯುವ ಶಕ್ತಿ ಕಳೆದುಕೊಂಡಿರುತ್ತದೆ. ಬೇರೆ ಸುಳಿವುಗಳೂ ಇವೆ. ನ್ಯೂಟ್ರಲ್‌ನಲ್ಲಿ ನಿಂತಾಗ ಆರ್‌ಪಿಎಂ ಎಂದಿಗಿಂತ ಸ್ವಲ್ಪ ಮೇಲಿರುವುದು, ಮೈಲೇಜ್ ಮೀಟರ್ ಏಕಾಏಕಿ ಇಳಿಯುವುದು, ಗಾಡಿ ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುವುದು, ಜೊತೆಗೆ ಸುಟ್ಟಂಥ ವಾಸನೆ. ಇವೆಲ್ಲ ರೀಜೆನ್ ನಡೆಯುತ್ತಿತ್ತು, ನೀವು ಮಧ್ಯದಲ್ಲಿ ನಿಲ್ಲಿಸಿದಿರಿ ಎನ್ನುವ ಗುರುತುಗಳು. ಇದು ಗೊತ್ತಿದ್ದವರು ಮನೆ ಮುಂದೆ ನಿಲ್ಲಿಸದೆ ಇನ್ನೊಂದು ಸುತ್ತು ಹೊಡೆದು ಬರುತ್ತಾರೆ.

ಗೊತ್ತಿಲ್ಲದವರಿಗೆ ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಆ ಹಂತದಲ್ಲಿ ಉಪಾಯ ಸರಳ: ತುಮಕೂರು ರಸ್ತೆಗೋ ನೈಸ್ ರಸ್ತೆಗೋ ಹೋಗಿ, ಮ್ಯಾನ್ಯುಯಲ್ ಹೇಳಿದಂತೆ ಗಂಟೆಗೆ ಅರವತ್ತರ ಮೇಲೆ, ಎಂಜಿನ್ ಎರಡು ಸಾವಿರ ಆರ್‌ಪಿಎಂ ದಾಟಿರುವಂತೆ ಇಪ್ಪತ್ತು ನಿಮಿಷ ನಿಲ್ಲಿಸದೆ ಓಡಿಸಿದರೆ ಸಾಮಾನ್ಯವಾಗಿ ದೀಪ ಆರುತ್ತದೆ. ಅದನ್ನೂ ಕಡೆಗಣಿಸಿದರೆ ಎಂಜಿನ್ ತನ್ನ ಶಕ್ತಿಗೆ ತಾನೇ ಕಡಿವಾಣ ಹಾಕಿಕೊಳ್ಳುತ್ತದೆ, ಗಾಡಿ ಎಳೆಯುವುದೇ ಇಲ್ಲ. ಆಗ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಜೋಡಿಸಿ ನಿಂತಲ್ಲೇ ಬಲವಂತದ ರೀಜೆನ್ ಮಾಡಿಸಬೇಕು. ಅದಕ್ಕೂ ಬಗ್ಗದಿದ್ದರೆ ಫಿಲ್ಟರ್ ಬದಲಾವಣೆ. ಆ ಬಿಲ್ಲು ಕೆಲವು ವರ್ಷ ಉಳಿಸಿದ ಇಂಧನದ ಹಣವನ್ನೆಲ್ಲ ಒಂದೇ ಗುಕ್ಕಿಗೆ ನುಂಗಬಲ್ಲದು.

ತುಮಕೂರಿನಲ್ಲಿ ನೆಂಟರಿದ್ದು ವಾರಕ್ಕೊಮ್ಮೆ ಹೋಗಿಬರುವವರಿಗೆ ಇದು ಸಮಸ್ಯೆಯೇ ಅಲ್ಲ. ತಿಂಗಳಿಗೊಮ್ಮೆ ಹೋದರೆ ಸಾಲುತ್ತದೆಯೇ ಎಂಬುದು ಅನುಮಾನ, ಯಾಕೆಂದರೆ ತಿಂಗಳಿಗೆ ಐನೂರು ಕಿ.ಮೀ. ತೆವಳುವ ಗಾಡಿಗೆ ನಡುವೆಯೇ ಒಂದೆರಡು ಸಲ ಫಿಲ್ಟರ್ ಸುಡಬೇಕಾಗಿ ಬರುತ್ತದೆ. ಇನ್ನು ಹಣದ ಲೆಕ್ಕವಾದರೂ ಡೀಸೆಲ್ ಪರವಾಗಿದೆಯೇ? ಈಗ ಡೀಸೆಲ್ ಸಿಗುವುದು ಹೆಚ್ಚಾಗಿ ನೆಕ್ಸಾನ್, ವೆನ್ಯೂ, ಸೋನೆಟ್‌ನಂಥ ಕಿರು ಎಸ್‌ಯುವಿಗಳಲ್ಲಿ. ಅಂಥ ಗಾಡಿಯ ಪೆಟ್ರೋಲ್ ಮಾದರಿ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹನ್ನೊಂದು, ಡೀಸೆಲ್ ಹದಿನೈದು ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಂಡರೆ, 6,000 ಕಿ.ಮೀ.ಗೆ ಪೆಟ್ರೋಲ್ ಖರ್ಚು 56 ಸಾವಿರ, ಡೀಸೆಲ್ 36 ಸಾವಿರ. ವರ್ಷಕ್ಕೆ ಇಪ್ಪತ್ತು ಸಾವಿರದ ಉಳಿತಾಯ. ಆದರೆ ಕೊಳ್ಳುವಾಗ ಡೀಸೆಲ್ಲಿಗೆ ಒಂದೂಕಾಲು ಲಕ್ಷ ಹೆಚ್ಚು ತೆತ್ತಿದ್ದರೆ, ಅದರ ಮೇಲೆ ಕರ್ನಾಟಕದ ಜೀವಿತಾವಧಿ ತೆರಿಗೆಯೂ ಸೇರಿ ಒಂದೂವರೆ ಲಕ್ಷದ ಹತ್ತಿರ ಬರುತ್ತದೆ. ಅಸಲು ಹುಟ್ಟಲು ಏಳೂವರೆ ವರ್ಷ. ಡಿಪಿಎಫ್ ಎಂಬ ಅಡ್ಡಗೋಡೆ ಇಲ್ಲದಿದ್ದರೂ ಈ ಮನೆಗೆ ಡೀಸೆಲ್ ಲಾಭದ್ದಲ್ಲ. ಅದಿದ್ದ ಮೇಲೆ ಮಾತೇ ಇಲ್ಲ.

ಸಿಎನ್‌ಜಿಯ ವಾದ ಇದಕ್ಕಿಂತ ಗಟ್ಟಿ. ನೈಸರ್ಗಿಕ ಅನಿಲ ಉರಿದಾಗ ಮಸಿ ಇಲ್ಲವೆನ್ನುವಷ್ಟು ಕಡಿಮೆ, ಫಿಲ್ಟರಿನ ತಲೆನೋವಿಲ್ಲ, ಎಂಜಿನ್ ಮೂಲತಃ ಪೆಟ್ರೋಲಿನದೇ. ಒಂದು ಕಿಲೋ ಸಿಎನ್‌ಜಿಯಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಒಂದೂವರೆ ಪಟ್ಟು ಶಕ್ತಿ ಇದೆ. ಜಾಹೀರಾತಿನಲ್ಲಿ ಸಿಎನ್‌ಜಿ ಮೈಲೇಜ್ ಬೆರಗು ಹುಟ್ಟಿಸುವುದು ಇದೇ ಕಾರಣಕ್ಕೆ. ಮಾರುತಿ ವ್ಯಾಗನ್ ಆರ್ 1.0ರ ಘೋಷಿತ ಮೈಲೇಜ್ ಪೆಟ್ರೋಲಿನಲ್ಲಿ ಲೀಟರಿಗೆ 24 ಕಿ.ಮೀ. ಚಿಲ್ಲರೆಯಾದರೆ, ಸಿಎನ್‌ಜಿಯಲ್ಲಿ ಕಿಲೋಗೆ 34. ಅದು ಎಂಜಿನ್ನಿನ ಪವಾಡವಲ್ಲ, ಒಂದು ಕಿಲೋದಲ್ಲಿರುವ ಸರಕೇ ಹೆಚ್ಚು. ಬೆಂಗಳೂರಿನಲ್ಲಿ ಕಿಲೋಗೆ 90 ರೂಪಾಯಿ ಎಂದು ಹಿಡಿದರೆ ಕಿ.ಮೀ. ಒಂದಕ್ಕೆ ಖರ್ಚು ಪೆಟ್ರೋಲಿನ ಮೂರನೇ ಎರಡು ಭಾಗಕ್ಕಿಂತ ಕೆಳಗಿಳಿಯುತ್ತದೆ.

ಹಾಗಾದರೆ ಬಸವೇಶ್ವರನಗರದ ಲೆಕ್ಕ ನೋಡಬಹುದು. ಊರೊಳಗಿನ ನಿಜವಾದ ಮೈಲೇಜ್ ಪೆಟ್ರೋಲಿನಲ್ಲಿ 14, ಸಿಎನ್‌ಜಿಯಲ್ಲಿ 20 ಎಂದಿಟ್ಟುಕೊಳ್ಳೋಣ. 6,000 ಕಿ.ಮೀ.ಗೆ ಪೆಟ್ರೋಲ್ ಕಾರಿನ ಖರ್ಚು 44 ಸಾವಿರ. ಸಿಎನ್‌ಜಿ ಕಾರಿಗೆ ಪೂರ್ತಿ ಅನಿಲದ ಲೆಕ್ಕ ಹಾಕುವ ಹಾಗಿಲ್ಲ. ಮಾರುತಿಯ ಸಿಎನ್‌ಜಿ ಕಾರುಗಳು ಚಾಲೂ ಆಗುವುದು ಪೆಟ್ರೋಲಿನಲ್ಲಿ. ಎಂಜಿನ್ ಒಂದಿಷ್ಟು ಬಿಸಿಯಾದ ಮೇಲೆ ತಾನಾಗಿ ಅನಿಲಕ್ಕೆ ಹೊರಳುತ್ತವೆ. (ಟಾಟಾದ ಕಾರುಗಳು ನೇರ ಅನಿಲದಲ್ಲೇ ಚಾಲೂ ಆಗುತ್ತವೆ.) ಐವತ್ತು ಕಿ.ಮೀ. ಓಡುವವರಿಗೆ ಆ ಮೊದಲ ನಿಮಿಷ ಗಣನೆಗೆ ಬರುವುದಿಲ್ಲ. ದಿನಕ್ಕೆ ಐದು ಸಲ ಚಾಲೂ ಮಾಡಿ ಎರಡೆರಡು ಕಿ.ಮೀ. ಹೋಗುವವರಿಗೆ ಅದು ಒಟ್ಟು ದೂರದ ಒಂದು ಪಾಲಾಗುತ್ತದೆ. ನೂರಕ್ಕೆ ಎಂಟರಷ್ಟು ಎಂದು ಹಿಡಿದರೆ, ಅನಿಲ ಮತ್ತು ಪೆಟ್ರೋಲ್ ಎರಡೂ ಸೇರಿ ವರ್ಷದ ಖರ್ಚು 28 ಸಾವಿರ ಚಿಲ್ಲರೆ. ಉಳಿತಾಯ ಹದಿನಾರು ಸಾವಿರಕ್ಕೆ ಸ್ವಲ್ಪ ಕಡಿಮೆ.

ಇದೇ ಮಾದರಿಯ ಪೆಟ್ರೋಲ್ ಕಾರಿಗಿಂತ ಸಿಎನ್‌ಜಿ ಕಾರು ಸುಮಾರು 90 ಸಾವಿರ ಹೆಚ್ಚು. ಐದರಿಂದ ಹತ್ತು ಲಕ್ಷದ ಕಾರಿಗೆ ಜೀವಿತಾವಧಿ ತೆರಿಗೆ ಶೇ. 14, ಅದರ ಮೇಲೆ ಸೆಸ್. ಅಲ್ಲಿಗೆ ಹೆಚ್ಚುವರಿ ಹೊರೆ ಒಂದು ಲಕ್ಷ ದಾಟಿತು. ಆರೂವರೆ ವರ್ಷ ಓಡಿಸಿದ ಮೇಲೆ ಮೊದಲ ರೂಪಾಯಿ ಲಾಭ. ಮಾರುವಾಗ ಸಿಎನ್‌ಜಿ ಗಾಡಿಗೆ ಒಂದಿಷ್ಟು ಹೆಚ್ಚು ಬೆಲೆ ಸಿಗುತ್ತದೆ ಎಂಬುದನ್ನು ಸೇರಿಸಿಕೊಂಡರೆ ಅವಧಿ ಸ್ವಲ್ಪ ಕಿರಿದಾಗುತ್ತದೆ, ಬಡ್ಡಿ ಮತ್ತು ಸಿಲಿಂಡರ್ ತಪಾಸಣೆಯ ಖರ್ಚು ಸೇರಿಸಿಕೊಂಡರೆ ಮತ್ತೆ ಹಿಗ್ಗುತ್ತದೆ.

ರೂಪಾಯಿಯಲ್ಲಿ ಅಳೆಯಲಾಗದ ಖರ್ಚು ಬಂಕಿನಲ್ಲಿದೆ. ಅರವತ್ತು ಲೀಟರ್ ಗಾತ್ರದ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ಒಂಬತ್ತು ಕಿಲೋ ಆಸುಪಾಸು ಹಿಡಿಯಬಹುದು. ಆದರೆ ಪೂರ್ತಿ ಖಾಲಿ ಮಾಡಿಕೊಂಡು ಯಾರೂ ಹೋಗುವುದಿಲ್ಲ, ಪೂರ್ತಿ ಒತ್ತಡವೂ ಎಲ್ಲ ಬಂಕಿನಲ್ಲಿ ಸಿಗುವುದಿಲ್ಲ. ಇದಕ್ಕೆ ಕಾರಣ ಬಂಕುಗಳ ಜಾತಿಯಲ್ಲಿದೆ. ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಕೊಳವೆಮಾರ್ಗ 2013ರಲ್ಲಿ ಶುರುವಾದ ಮೇಲೆ ಗೇಲ್ ಗ್ಯಾಸ್ ಸಂಸ್ಥೆ ನಗರದಲ್ಲಿ ಅನಿಲ ಹಂಚುತ್ತಿದೆ. ಕೆಲವು ಬಂಕುಗಳಿಗೆ ಕೊಳವೆ ನೇರವಾಗಿ ಬರುತ್ತದೆ, ಅಲ್ಲೇ ಕಂಪ್ರೆಸರ್ ಇರುತ್ತದೆ. ಇವು ಆನ್‌ಲೈನ್ ಬಂಕುಗಳು. ಕೊಳವೆ ಮುಟ್ಟದ ಕಡೆ ಲಾರಿಯ ಮೇಲೆ ಸಿಲಿಂಡರುಗಳ ಸಾಲು ಬರುತ್ತದೆ. ಅವು ಮದರ್ ಸ್ಟೇಷನ್ನಿನಿಂದ ತುಂಬಿಸಿ ತಂದ ಅನಿಲವನ್ನು ಹಂಚುವ ಡಾಟರ್ ಬಂಕುಗಳು. ಲಾರಿಯ ಸಿಲಿಂಡರುಗಳು ಖಾಲಿಯಾಗುತ್ತಾ ಬಂದಂತೆ ಒತ್ತಡ ಕುಸಿಯುತ್ತದೆ. ಕೊನೆಯಲ್ಲಿ ಬಂದ ಕಾರಿಗೆ ಎಂಟು ಕಿಲೋ ಬದಲು ಐದು ಆರಕ್ಕೇ ನಳಿಕೆ ನಿಲ್ಲುತ್ತದೆ, ಅಥವಾ ಮುಂದಿನ ಲಾರಿ ಬರುವವರೆಗೆ ಕಾಯಬೇಕು. ಆಟೋ ಚಾಲಕರಿಗೆ ಯಾವ ಬಂಕಿನಲ್ಲಿ ಯಾವ ಹೊತ್ತಿಗೆ 'ಪ್ರೆಷರ್' ಚೆನ್ನಾಗಿರುತ್ತದೆ ಎಂಬ ಜ್ಞಾನ ಬಾಯಿಪಾಠ.

ಒಂದು ಸಲಕ್ಕೆ ಏಳೂವರೆ ಕಿಲೋ ಎಂದರೂ ಓಡುವುದು ನೂರೈವತ್ತು ಕಿ.ಮೀ. ಅಂದರೆ ಈ ಮನೆಯವರು ವರ್ಷಕ್ಕೆ ಸುಮಾರು ಮೂವತ್ತೇಳು ಸಲ ಅನಿಲಕ್ಕೆ ಹೋಗಬೇಕು, ಪ್ರತಿ ಸಲ ಎಲ್ಲರೂ ಕಾರಿನಿಂದ ಇಳಿದು ನಿಲ್ಲಬೇಕು. ಪೆಟ್ರೋಲ್ ಕಾರಿಗಾದರೆ ಹದಿನೇಳು ಸಲ, ಅದೂ ದಾರಿಯಲ್ಲೇ ಸಿಗುವ ಬಂಕಿಗೆ. ಸರತಿಯಲ್ಲಿ ಇಪ್ಪತ್ತು ನಿಮಿಷ ಹೋದರೂ ವರ್ಷಕ್ಕೆ ಹನ್ನೆರಡು ಗಂಟೆ. ಬಂಕು ನಾಲ್ಕು ಕಿ.ಮೀ. ಆಚೆ ಇದ್ದರೆ ಹೋಗಿಬರುವ ಎಂಟು ಕಿ.ಮೀ. ಬೇರೆ, ದಿನಕ್ಕೆ ಹದಿನಾರು ಕಿ.ಮೀ. ಓಡುವವರಿಗೆ ಅದು ಅರ್ಧ ದಿನದ ಓಡಾಟ!

ಡಿಕ್ಕಿಯ ದೂರು ಈಗ ಮೊದಲಿನಷ್ಟು ಗಟ್ಟಿಯಾಗಿಲ್ಲ. ಟಾಟಾ 2023ರಲ್ಲಿ ಆಲ್ಟ್ರೋಜ್‌ನಲ್ಲಿ ಮೂವತ್ತು ಮೂವತ್ತು ಲೀಟರಿನ ಎರಡು ಸಿಲಿಂಡರುಗಳನ್ನು ಡಿಕ್ಕಿಯ ನೆಲದ ಕೆಳಗೆ ಮಲಗಿಸಿ ಸೂಟ್‌ಕೇಸಿಗೆ ಜಾಗ ಬಿಟ್ಟುಕೊಟ್ಟಿತು. ಮರುವರ್ಷ ಹ್ಯುಂಡೈ ಅದೇ ದಾರಿ ಹಿಡಿಯಿತು. ಕ್ಲಚ್ ತುಳಿದು ಸಾಕಾದವರಿಗೆ ಟಿಯಾಗೊದಲ್ಲಿ 2024ರಿಂದ ಸಿಎನ್‌ಜಿ ಜೊತೆಗೇ ಎಎಂಟಿ ಸಿಗುತ್ತಿದೆ. ಪಿಕಪ್ ಕಡಿಮೆ ಎಂಬ ದೂರು ಮಾತ್ರ ಉಳಿದಿದೆ. ಅನಿಲ ಎಂಜಿನ್ನಿನೊಳಗೆ ಬರುವಾಗ ಗಾಳಿಯ ಜಾಗವನ್ನೇ ಒಂದಿಷ್ಟು ಕಬಳಿಸುತ್ತದೆ, ಗಾಳಿ ಕಡಿಮೆಯಾದಷ್ಟೂ ಶಕ್ತಿ ಕಡಿಮೆ. ವ್ಯಾಗನ್ ಆರ್ 1.0 ಪೆಟ್ರೋಲಿನಲ್ಲಿ 67ರ ಹತ್ತಿರ ಅಶ್ವಶಕ್ತಿ ಕೊಟ್ಟರೆ ಅನಿಲದಲ್ಲಿ 57ಕ್ಕೆ ಇಳಿಯುತ್ತದೆ. ಸಮತಟ್ಟು ರಸ್ತೆಯ ಟ್ರಾಫಿಕ್ಕಿನಲ್ಲಿ ಇದು ತಿಳಿಯುವುದಿಲ್ಲ. ನಾಲ್ಕು ಜನ ಕೂತು ಎಸಿ ಹಾಕಿ ಮೇಲ್ಸೇತುವೆ ಏರುವಾಗ ಗೇರ್ ಇಳಿಸಬೇಕಾದಾಗ ತಿಳಿಯುತ್ತದೆ.

ಹಳೆಯ ಪೆಟ್ರೋಲ್ ಕಾರಿಗೆ ಹೊರಗೆ ಕಿಟ್ ಹಾಕಿಸುವ ಯೋಚನೆಯೂ ಹಲವರಿಗೆ ಬರುತ್ತದೆ. ಕಂಪನಿಯ ಸಿಎನ್‌ಜಿ ಕಾರಿನ ಎಂಜಿನ್ನಿನಲ್ಲಿ ವಾಲ್ವ್ ಕೂರುವ ಜಾಗವನ್ನು ಒಣ ಅನಿಲಕ್ಕೆ ತಡೆಯುವ ಗಟ್ಟಿ ಲೋಹದಲ್ಲಿ ಮಾಡಿರುತ್ತಾರೆ, ಹೊರಗೆ ಕಿಟ್ ಹಾಕಿಸಿದ ಎಂಜಿನ್ನಿಗೆ ಆ ಭಾಗ್ಯವಿರುವುದಿಲ್ಲ. ಆರ್‌ಸಿಯಲ್ಲಿ ಇಂಧನ ಬದಲಾದದ್ದು ದಾಖಲಾಗದಿದ್ದರೆ, ವಿಮಾ ಕಂಪನಿಗೆ ತಿಳಿಸದಿದ್ದರೆ ಅಪಘಾತದ ದಿನ ಕ್ಲೇಮ್ ತಿರಸ್ಕಾರವಾಗಬಹುದು. ಯಾವುದೇ ಸಿಎನ್‌ಜಿ ಕಾರಾಗಲಿ, ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಪಡೆಯುವುದು ಕಡ್ಡಾಯ. ತಾರೀಕು ಮೀರಿದ ಸಿಲಿಂಡರಿಗೆ ಅನಿಲ ತುಂಬಬಾರದು. ಸೆಕೆಂಡ್ ಹ್ಯಾಂಡ್ ಸಿಎನ್‌ಜಿ ಕಾರು ನೋಡಲು ಹೋದವರು ಸೀಟಿನ ಹೊದಿಕೆಗಿಂತ ಮೊದಲು ನೋಡಬೇಕಾದದ್ದು ಆ ತಾರೀಕನ್ನು.

ಉಳಿದದ್ದು ಪೆಟ್ರೋಲ್. ಅದು ತುಂಡು ಓಡಾಟಕ್ಕೆ ಒಗ್ಗುತ್ತದೆ ಎನ್ನುವುದಕ್ಕಿಂತ, ಅದನ್ನು ಹೆಚ್ಚು ಸಹಿಸಿಕೊಳ್ಳುತ್ತದೆ ಎನ್ನುವುದು ಸರಿ. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಚೆನ್ನಾಗಿ ಆವಿಯಾಗುವುದಿಲ್ಲವಾದ್ದರಿಂದ ಮೊದಲ ಒಂದೆರಡು ಕಿ.ಮೀ. ಕಂಪ್ಯೂಟರ್ ಬೇಕಾದದ್ದಕ್ಕಿಂತ ಹೆಚ್ಚು ಇಂಧನ ಸುರಿಯುತ್ತದೆ. ಘೋಷಿತ 24 ಕಿ.ಮೀ. ಬೆಂಗಳೂರಿನಲ್ಲಿ ಹದಿನಾಲ್ಕಾಗುವುದಕ್ಕೆ ಸಿಗ್ನಲ್ ಎಷ್ಟು ಕಾರಣವೋ ಇದೂ ಒಂದು ಕಾರಣ. ಉರಿದ ಪೆಟ್ರೋಲಿನಿಂದ ಹುಟ್ಟುವ ನೀರಾವಿ ತಣ್ಣಗಿನ ಎಂಜಿನ್ನಿನೊಳಗೆ ಹನಿಗಟ್ಟಿ ಆಯಿಲ್ ಸೇರುತ್ತದೆ. ದೂರ ಓಡಿದರೆ ಆಯಿಲ್ ಪೂರ್ತಿ ಬಿಸಿಯಾಗಿ ಆ ನೀರು ಹಾರಿಹೋಗುತ್ತದೆ, ಎರಡು ಕಿ.ಮೀ.ಗೇ ನಿಂತರೆ ಅಲ್ಲೇ ಉಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳ ತೆರೆದಾಗ ಒಳಬದಿಯಲ್ಲಿ ಹಾಲಿನ ಕೆನೆಯಂಥ ತಿಳಿಹಳದಿ ಲೇಪ ಕಂಡರೆ ಅದು ಈ ನೀರಿನದೇ ಕೆಲಸ. (ಕೂಲೆಂಟ್ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ಗಾಬರಿಪಡಬೇಕು; ಆಗ ಅದು ಹೆಡ್ ಗ್ಯಾಸ್ಕೆಟ್ಟಿನ ತೊಂದರೆ ಇರಬಹುದು.)

ಹೀಗಾಗಿ ಈ ಮನೆಯವರಿಗೆ ಸರ್ವಿಸಿನ ವಿಷಯದಲ್ಲಿ ಒಂದು ಕಟ್ಟುನಿಟ್ಟು ಬೇಕು. ಮ್ಯಾನ್ಯುಯಲ್ಲಿನಲ್ಲಿ ಹತ್ತು ಸಾವಿರ ಕಿ.ಮೀ. ಅಥವಾ ಒಂದು ವರ್ಷ ಎಂದಿದ್ದರೆ ಅವರಿಗೆ ಅನ್ವಯಿಸುವುದು ವರ್ಷದ ಮಾತು. ಆರು ಸಾವಿರವೇ ಆಯಿತಲ್ಲ, ಇನ್ನೂ ನಾಲ್ಕು ಸಾವಿರ ಓಡಲಿ ಎಂದು ಮುಂದೂಡುವುದು ಈ ವರ್ಗದ ಕಾರುಗಳಿಗೆ ಸಾಮಾನ್ಯವಾಗಿ ಆಗುವ ಅನ್ಯಾಯ. ಹಲವು ಮ್ಯಾನ್ಯುಯಲ್ಲುಗಳಲ್ಲಿ 'ಕಠಿಣ ಬಳಕೆ' ಎಂಬ ಪಟ್ಟಿ ಬೇರೆಯೇ ಇರುತ್ತದೆ. ಮರಳುಗಾಡು, ಧೂಳು, ಭಾರ ಎಳೆಯುವುದರ ಸಾಲಿನಲ್ಲೇ ಪದೇ ಪದೇ ಕಿರುದೂರ ಓಡಿಸುವುದೂ ಅಲ್ಲಿ ಬರೆದಿರುತ್ತದೆ. ಶಾಲೆಗೆ ಮಗು ಬಿಡುವ ಕಾರು ಮರಳುಗಾಡಿನ ಜೀಪಿನ ಜೊತೆ ಒಂದೇ ಪಂಕ್ತಿಯಲ್ಲಿ ಕೂರುವುದು ತಮಾಷೆಯಾಗಿ ಕಂಡರೂ ಎಂಜಿನ್ನಿಗೆ ಅದು ತಮಾಷೆಯಲ್ಲ. ಬ್ಯಾಟರಿಯದೂ ಅದೇ ಕತೆ. ಚಾಲೂ ಮಾಡಲು ಖರ್ಚಾದ ವಿದ್ಯುತ್ತು ಎರಡು ಕಿ.ಮೀ.ನಲ್ಲಿ, ಅದೂ ದೀಪ, ಎಸಿ ಹಾಕಿಕೊಂಡು ಓಡಿದಾಗ ಪೂರ್ತಿ ಮರಳುವುದಿಲ್ಲ. ಭಾನುವಾರ ಅರ್ಧ ಗಂಟೆ ಊರ ಹೊರಗೆ ಓಡಿಸಿ ಬಂದರೆ ಆಯಿಲ್ಲಿನ ನೀರಿಗೂ ಬ್ಯಾಟರಿಗೂ ಒಂದೇ ಮದ್ದಾಗುತ್ತದೆ.

ಯಾವ ಪೆಟ್ರೋಲ್ ಎಂಜಿನ್ ಎಂಬುದೂ ಮುಖ್ಯ. ಇಂಧನವನ್ನು ಸಿಲಿಂಡರಿನೊಳಕ್ಕೇ ನೇರ ಚಿಮ್ಮಿಸುವ ಟರ್ಬೊ ಎಂಜಿನ್ನುಗಳು ಹೆದ್ದಾರಿಯಲ್ಲಿ ಖುಷಿ ಕೊಡುತ್ತವೆ. ಆದರೆ ಅವುಗಳಲ್ಲಿ ಗಾಳಿ ಬರುವ ವಾಲ್ವಿನ ಮೇಲೆ ಪೆಟ್ರೋಲ್ ಬೀಳದ್ದರಿಂದ ಅಲ್ಲಿ ಕಟ್ಟುವ ಇಂಗಾಲ ತೊಳೆದುಹೋಗುವುದಿಲ್ಲ, ತಣ್ಣಗಿನ ತುಂಡು ಓಡಾಟದಲ್ಲಿ ಅದು ಬೇಗ ಕಟ್ಟುತ್ತದೆ. ಟರ್ಬೊ ಇಲ್ಲದ, ವಾಲ್ವಿನ ಹಿಂದೆ ಪೆಟ್ರೋಲ್ ಸಿಂಪಡಿಸುವ ಹಳೆ ಶೈಲಿಯ 1.0 ಅಥವಾ 1.2 ಲೀಟರ್ ಎಂಜಿನ್ ಇಂಥ ಮನೆಗೆ ಹೆಚ್ಚು ಹೊಂದುತ್ತದೆ. ಈಗ ಬಂಕಿನಲ್ಲಿ ಸಿಗುವುದು ಇಪ್ಪತ್ತು ಭಾಗ ಎಥನಾಲ್ ಬೆರೆತ ಇ-20 ಪೆಟ್ರೋಲ್. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಇರುವುದರಿಂದ ಮೈಲೇಜ್ ಸ್ವಲ್ಪ ತಗ್ಗುವುದು ಸಹಜ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ರಬ್ಬರ್, ಪೈಪುಗಳು ಇದಕ್ಕೆ ತಕ್ಕಂತಿವೆ. ಅದಕ್ಕಿಂತ ಹಳೆಯದನ್ನು ಕೊಳ್ಳುವವರು ಮ್ಯಾನ್ಯುಯಲ್ ನೋಡಿಕೊಳ್ಳುವುದು ಒಳ್ಳೆಯದು.

2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ ಸಣ್ಣ ಕಾರುಗಳ ಜಿಎಸ್‌ಟಿ ಶೇ. 18ಕ್ಕೆ ಇಳಿದಿರುವುದು ಮೂರೂ ಇಂಧನದ ಗಾಡಿಗಳಿಗೆ ಅನ್ವಯಿಸುತ್ತದೆ, ಹಾಗಾಗಿ ಈ ಆಯ್ಕೆಯನ್ನು ಅದು ತಲೆಕೆಳಗು ಮಾಡುವುದಿಲ್ಲ. ತಲೆಕೆಳಗು ಮಾಡುವುದು ದೂರ. ಬಸವೇಶ್ವರನಗರದ ಅದೇ ಮನೆಯವರಿಗೆ ಬ್ಯಾಂಕಿನವರು ಇಪ್ಪತ್ತು ಕಿ.ಮೀ. ಆಚೆಯ ಶಾಖೆಗೆ ವರ್ಗ ಮಾಡಿದರು ಎಂದುಕೊಳ್ಳಿ. ದಿನಕ್ಕೆ ನಲವತ್ತು, ವರ್ಷಕ್ಕೆ 12,000 ಕಿ.ಮೀ. ಚಾಲೂ ಆಗುವುದು ಎರಡೇ ಸಲ, ಪೆಟ್ರೋಲಿನಲ್ಲಿ ಓಡುವ ಪಾಲು ನೂರಕ್ಕೆ ಮೂರಕ್ಕಿಳಿಯುತ್ತದೆ. ಪೆಟ್ರೋಲ್ ಕಾರಿನ ಖರ್ಚು 88 ಸಾವಿರವಾದರೆ ಸಿಎನ್‌ಜಿಯದು 55 ಸಾವಿರ. ವರ್ಷಕ್ಕೆ 33 ಸಾವಿರ ಉಳಿದು, ಹೆಚ್ಚಿಗೆ ತೆತ್ತ ಲಕ್ಷ ರೂಪಾಯಿ ಮೂರೇ ವರ್ಷದಲ್ಲಿ ಮರಳುತ್ತದೆ. ಆಗ ಬಂಕಿನ ಸರತಿಯನ್ನು ಸಹಿಸಿಕೊಳ್ಳಬಹುದು. ವರ್ಷಕ್ಕೆ ಎಂಟು ಒಂಬತ್ತು ಸಾವಿರ ಕಿ.ಮೀ. ಆಸುಪಾಸಿನಲ್ಲಿರುವವರಿಗೆ ಮಾತ್ರ ತಕ್ಕಡಿ ಅತ್ತಿತ್ತ ತೂಗುತ್ತದೆ. ಅಲ್ಲಿ ತೀರ್ಮಾನ ಬಂಕಿನದು. ಬುಕಿಂಗ್ ಹಣ ಕಟ್ಟುವ ಮೊದಲು ಒಂದು ಸಂಜೆ ಏಳು ಗಂಟೆಗೆ ಮನೆ ಹತ್ತಿರದ ಸಿಎನ್‌ಜಿ ಬಂಕಿಗೆ ಸುಮ್ಮನೆ ಹೋಗಿ, ಎಷ್ಟು ಆಟೋಗಳು ನಿಂತಿವೆ ಎಂದು ನೋಡಿ, ಅಲ್ಲಿನವರನ್ನು 'ಇಲ್ಲಿ ಗ್ಯಾಸ್ ಲೈನಲ್ಲಿ ಬರುತ್ತಾ, ಲಾರಿಯಲ್ಲಿ ಬರುತ್ತಾ?' ಎಂದು ಕೇಳಿ ಬರಬಹುದು. ಲೈನಲ್ಲಿ ಎಂದರೆ ಸಿಎನ್‌ಜಿ ಕಾರಿನ ಟೆಸ್ಟ್ ಡ್ರೈವ್ ಕೇಳಬಹುದು. ಲಾರಿಯಲ್ಲಿ ಎಂದರೆ ಪೆಟ್ರೋಲ್ ಮಾದರಿಯ ಬೆಲೆಪಟ್ಟಿ ತೆರೆದಿಟ್ಟುಕೊಳ್ಳುವುದೇ ವಾಸಿ.